ಕತ್ತಿಯ ಪಕ್ಕದ ಅಕ್ಷರ

ವಿಜಯಪುರದ ಸ್ಟೇಷನ್ ರಸ್ತೆಯ ಹತ್ತಿರ ನಂದೊಂದು ಸಣ್ಣ ಗೇಮಿಂಗ್ ಸೆಂಟರ್. ನಾಲ್ಕಾರು ಕಂಪ್ಯೂಟರು, ಒಂದು ಯುಪಿಎಸ್, ಬ್ಯಾಟರಿ ಕೈ ಕೊಟ್ಟಾಗ ಹುಡುಗರ ಬೈಗುಳ. ತಿಕೋಟಾ, ಬಬಲೇಶ್ವರ ಕಡೆಯಿಂದ ಕಾಲೇಜಿಗೆ ಬರುವ ಹುಡುಗರು ಸಂಜೆ ಬಸ್ಸಿನ ಹೊತ್ತಾಗುವವರೆಗೆ ಇಲ್ಲಿ ಕೂಡುತ್ತಾರೆ. 2022ರ ಫೆಬ್ರವರಿ 25ರಂದು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ 'ಎಲ್ಡನ್ ರಿಂಗ್' ಬಂದ ಮೇಲೆ ಬಾಸ್‌ನ ಹೊಡೆಯೋದು ಹೆಂಗ ಎಂದು ನನ್ನನ್ನು ಕೇಳುವವರು ಕಡಿಮೆ. ಅದನ್ನು ಅವರೇ ಸತ್ತು ಸತ್ತು ಕಲಿಯುತ್ತಾರೆ. ಕೇಳುವ ಪ್ರಶ್ನೆ ಒಂದೇ: "ಕಾಕಾ, ಸ್ಟ್ರೆಂತ್ ಹಾಕ್ಲ್ಯೋ, ಡೆಕ್ಸ್ ಹಾಕ್ಲ್ಯೋ?"

ಬಹಳ ದಿನ ನಾನು ಈ ಪ್ರಶ್ನೆಗೆ ತಪ್ಪು ಉತ್ತರವನ್ನೇ ಭಾರಿ ಧೈರ್ಯದಿಂದ ಕೊಟ್ಟಿದ್ದೇನೆ. ನನ್ನ ಮಾತು ಕೇಳಿ ಕೆಟ್ಟ ಪಾತ್ರಗಳು ಈ ಕಂಪ್ಯೂಟರುಗಳಲ್ಲಿ ಇನ್ನೂ ಸೇವ್ ಆಗಿ ಕೂತಿವೆ. ಕೆಳಗಿರುವುದು ಆ ತಪ್ಪುಗಳಿಂದ ಹೆಕ್ಕಿದ್ದು. ನನಗಿಂತ ಚೆನ್ನಾಗಿ ಆಡುವವರು ಇದೇ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

1. ಅಕ್ಷರವಿಲ್ಲದ ಕತ್ತಿಗೆ ಬಲ ಸುರಿದರೆ ಅಂಕ ಏರುವುದಿಲ್ಲ.

ನನ್ನ ಮೊದಲ ಪಾಠ ಎಲ್ಡನ್ ರಿಂಗ್‌ಗಿಂತ ಹಳೆಯದು. 2011ರ 'ಡಾರ್ಕ್ ಸೋಲ್ಸ್' ಮರುವರ್ಷ ಕಂಪ್ಯೂಟರಿಗೂ ಬಂತು. ಅದರಲ್ಲಿ ಆರಂಭದಲ್ಲೇ ಒಂದು ಸೇತುವೆ ಸಿಗುತ್ತದೆ, ಅದರ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್ ಕೂತಿರುತ್ತದೆ. ಸೇತುವೆಯ ಕೆಳಗೆ ನಿಂತು ಅದರ ಬಾಲಕ್ಕೆ ಬಾಣ ಬಿಡುತ್ತಾ ಹೋದರೆ ಬಾಲ ಕತ್ತರಿಸಿ 'ಡ್ರೇಕ್ ಸೋರ್ಡ್' ಎಂಬ ಕತ್ತಿ ಕೈಗೆ ಬರುತ್ತದೆ. ಅದರ ಏಟಿನ ಅಂಕ 200. ಆ ಹಂತದಲ್ಲಿ ಬೇರೆಯವರ ಕೈಯಲ್ಲಿರುವ ಕತ್ತಿಗಳು ಅದರ ಅರ್ಧಕ್ಕೂ ಮುಟ್ಟಿರುವುದಿಲ್ಲ. ನಾನಂತೂ ಆಟ ಮುಗಿಸಿದಂತೆಯೇ ಹಿಗ್ಗಿದೆ.

ಆಮೇಲೆ ಗಳಿಸಿದ ಲೆವೆಲ್ಲನ್ನೆಲ್ಲ ಸ್ಟ್ರೆಂತ್‌ಗೆ ಹಾಕಿದೆ. ಕತ್ತಿ ಹಿಡಿಯಲು 16 ಸ್ಟ್ರೆಂತ್ ಸಾಕಿತ್ತು, ನಾನು 20 ದಾಟಿ ಹೋದೆ, 30ರ ಹತ್ತಿರ ಬಂದೆ. ಪರದೆಯ ಮೇಲೆ 200 ಎನ್ನುವುದು 200 ಆಗಿಯೇ ಉಳಿಯಿತು. ಆಟ ಹಾಳಾಗಿದೆ, ಫೈಲ್ ಕೆಟ್ಟಿದೆ ಎಂದು ಮತ್ತೆ ಇನ್‌ಸ್ಟಾಲ್ ಮಾಡಿದ್ದೂ ಉಂಟು. ಕೆಟ್ಟಿದ್ದು ಆಟವಲ್ಲ. ಕತ್ತಿಯ ವಿವರದಲ್ಲಿ ಸ್ಟ್ರೆಂತ್ ಮತ್ತು ಡೆಕ್ಸ್ ಎದುರಿಗೆ ಅಕ್ಷರ ಇರಬೇಕಾದ ಜಾಗದಲ್ಲಿ ಬರೀ ಒಂದು ಗೆರೆ ಇತ್ತು. ಅಕ್ಷರ ಇದ್ದರೆ ನಿಮ್ಮ ಮೈಬಲ ಕತ್ತಿಗೆ ಸೇರುತ್ತದೆ, ಗೆರೆ ಇದ್ದರೆ ಸೇರುವುದಿಲ್ಲ. ಇದನ್ನೇ ಸ್ಕೇಲಿಂಗ್ ಎನ್ನುತ್ತಾರೆ. ಡ್ರೇಕ್ ಸೋರ್ಡಿಗೆ ಸ್ಕೇಲಿಂಗ್ ಇಲ್ಲವೇ ಇಲ್ಲ. ಅದನ್ನು ಹದ ಮಾಡಿಸಲು ಬೇಕಾದ ಡ್ರ್ಯಾಗನ್ ಚಿಪ್ಪುಗಳು ಆ ಹಂತದಲ್ಲಿ ಸಿಗುವುದು ಕಷ್ಟ. ಅರ್ಧ ಆಟದ ಹೊತ್ತಿಗೆ ಸಾಮಾನ್ಯ ಕತ್ತಿಯನ್ನು ಹದ ಮಾಡಿಸಿಕೊಂಡವರೆಲ್ಲ ನನ್ನನ್ನು ಹಿಂದೆ ಹಾಕಿ ಹೋಗಿದ್ದರು.

2. ಎತ್ತಲಾರದ ಕತ್ತಿ ಕೈಗೆ ಬಂದರೆ ಅದರ ಅಂಕವೂ ಕರಗುತ್ತದೆ.

ಪ್ರತಿ ಆಯುಧಕ್ಕೂ ಕನಿಷ್ಠ ಇಷ್ಟು ಸ್ಟ್ರೆಂತ್, ಇಷ್ಟು ಡೆಕ್ಸ್ ಬೇಕು ಎಂಬ ಕಟ್ಟಲೆ ಇರುತ್ತದೆ. ನಮ್ಮ ಕಡೆ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಾರಲ್ಲ, ಅಲ್ಲಿ ಕಲ್ಲು ನೆಲ ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ಎಲ್ಡನ್ ರಿಂಗ್ ಅಷ್ಟು ನೇರವಾಗಿಲ್ಲ. ಎತ್ತಲಾರದವನ ಕೈಗೂ ಕತ್ತಿ ಕೊಡುತ್ತದೆ, ಕೊಟ್ಟು ಶಿಕ್ಷಿಸುತ್ತದೆ.

ತಿಕೋಟಾದ ಒಬ್ಬ ಹುಡುಗ ಸಮುರಾಯ್ ಪಾತ್ರ ತಗೊಂಡು ಆಡುತ್ತಿದ್ದ. ಆ ಪಾತ್ರ ಶುರುವಾಗುವುದೇ ಸ್ಟ್ರೆಂತ್ 12, ಡೆಕ್ಸ್ 15ರಿಂದ. ಕೇಲಿಡ್ ಎಂಬ ಕೆಂಪು ನಾಡಿನಲ್ಲಿ ಒಂದು ಬಂಡಿಯ ಪೆಟ್ಟಿಗೆಯಲ್ಲಿ 'ಗ್ರೇಟ್‌ಸೋರ್ಡ್' ಎಂಬ ದೈತ್ಯ ಕತ್ತಿ ಇದೆ ಎಂದು ನಾನೇ ಹೇಳಿ ಕಳಿಸಿದ್ದೆ. ಕುದುರೆ ಓಡಿಸಿಕೊಂಡು ಹೋಗಿ ತಂದ. ತಂದವನು ಕರೆದ: "ಕಾಕಾ, ಇಲ್ಲಿ ನೋಡ್ರಿ, ಇದ್ಯಾಕ ಹಿಂಗ ಮೈನಸ್ ತೋರಸ್ತೈತಿ?"

ಪರದೆಯಲ್ಲಿ 164 - 65 ಎಂದಿತ್ತು. ಕತ್ತಿಯ ಮೂಲ ಅಂಕ 164. ಅದಕ್ಕೆ ಬೇಕಾದದ್ದು ಸ್ಟ್ರೆಂತ್ 31, ಡೆಕ್ಸ್ 12. ಸ್ಟ್ರೆಂತ್ ಸಾಲದ್ದರಿಂದ ಮೂಲ ಅಂಕದ ನೂರಕ್ಕೆ 40ರಷ್ಟನ್ನು ಆಟವೇ ಕಳೆದಿತ್ತು, 164ರ ಶೇ. 40 ಎಂದರೆ 65 ಚಿಲ್ಲರೆ. ಉಳಿದದ್ದು 99. ಅವನು ಮೊದಲಿಂದ ಹಿಡಿದಿದ್ದ ಉಚಿಗಟಾನಾ ಇದಕ್ಕಿಂತ ಜೋರಾಗಿ ಹೊಡೆಯುತ್ತಿತ್ತು, ಬೇಗವೂ ಬೀಸುತ್ತಿತ್ತು. ಕಟ್ಟಲೆಗೆ 1 ಅಂಕ ಕಡಿಮೆಯಿದ್ದರೂ 19 ಕಡಿಮೆಯಿದ್ದರೂ ಕಡಿತ ಅಷ್ಟೇ.

ಅವನಿಗೆ ನಾನು ಹೇಳಿದ್ದು, "ಸ್ಟ್ರೆಂತ್ 31 ಮಾಡ್ಕೊಂಡ ಬಾ ತಮ್ಮಾ." ಅದೂ ಅರ್ಧ ತಪ್ಪೇ. ಎರಡು ಕೈಯಲ್ಲಿ ಹಿಡಿದರೆ ಸ್ಟ್ರೆಂತ್ ಒಂದೂವರೆ ಪಟ್ಟು ಲೆಕ್ಕಕ್ಕೆ ಬರುತ್ತದೆ. 20ಕ್ಕೆ 30 ಆಗುತ್ತದೆ, ಸಾಲುವುದಿಲ್ಲ. 21ಕ್ಕೆ ಮೂವತ್ತೊಂದೂವರೆ, ಸಾಕು. ಹತ್ತು ಲೆವೆಲ್ ಅವನಿಗೆ ಉಳಿಯುತ್ತಿತ್ತು. ಅವನು ನನ್ನ ಮಾತು ನಂಬಿ 31ರವರೆಗೆ ಹೋಗಿ ಬಂದ.

3. ಮೊದಲು ಕುಲುಮೆ, ಆಮೇಲೆ ಲೆವೆಲ್.

ಇದು ನಾನು ತಡವಾಗಿ ಕಲಿತದ್ದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಎಲ್ಡನ್ ರಿಂಗ್‌ನಲ್ಲಿ ಆಯುಧದ ವಿವರ ತೆರೆದರೆ ಏಟಿನ ಅಂಕ ಎರಡು ತುಂಡಾಗಿ ಕಾಣುತ್ತದೆ: ಮೂಲ ಅಂಕ, ಪಕ್ಕದಲ್ಲಿ ಕೂಡಿಸುವ ಚಿಹ್ನೆ, ಆಮೇಲೆ ಹೆಚ್ಚುವರಿ. ಮೂಲ ಅಂಕ ಕತ್ತಿಯದು, ಹೆಚ್ಚುವರಿ ನಿಮ್ಮದು. ನಾನು ಇವೆರಡನ್ನೂ ಬೇರೆ ಬೇರೆ ಗಂಟು ಅಂದುಕೊಂಡಿದ್ದೆ. ಕತ್ತಿ ತನ್ನ ಪಾಲು ಕೊಡುತ್ತದೆ, ನಾನು ನನ್ನ ಪಾಲು ಕೊಡುತ್ತೇನೆ ಎಂಬ ಲೆಕ್ಕ. ಆದರೆ ಹೆಚ್ಚುವರಿ ಹುಟ್ಟುವುದೇ ಮೂಲ ಅಂಕದಿಂದ:

```
ಹೆಚ್ಚುವರಿ = ಮೂಲ ಅಂಕ × ಕತ್ತಿಯ ಗುಣಕ % × ನಿಮ್ಮ ಅಂಕದ ಫಲ %
```

ಕತ್ತಿಯ ಗುಣಕ ಎಂದರೆ S, A, B, C, D, E ಅಕ್ಷರಗಳ ಹಿಂದೆ ಅಡಗಿರುವ ಸಂಖ್ಯೆ. ನಿಮ್ಮ ಅಂಕದ ಫಲ ಎಂದರೆ ಸ್ಟ್ರೆಂತ್ ಅಥವಾ ಡೆಕ್ಸ್ ಇಷ್ಟಿದ್ದರೆ ಅದರಲ್ಲಿ ಎಷ್ಟು ಭಾಗ ಲೆಕ್ಕಕ್ಕೆ ಬರುತ್ತದೆ ಎಂಬುದು. ಇವೆರಡನ್ನೂ ಆಟ ತೋರಿಸುವುದಿಲ್ಲ. ಆಟದ ಕಡತಗಳನ್ನು ಬಿಚ್ಚಿ ನೋಡಿದವರು ಹೊರತೆಗೆದದ್ದು.

ಉಚಿಗಟಾನಾವನ್ನೇ ತಗೊಳ್ಳಿ. ಮೂಲ ಅಂಕ 115. ಎರಡಕ್ಕೂ D ಅಕ್ಷರ. ಲೆಕ್ಕ ಸುಲಭವಾಗಲಿ ಎಂದು ಸ್ಟ್ರೆಂತ್ ಪಾಲನ್ನು ಬದಿಗಿಟ್ಟು, ಡೆಕ್ಸ್ ಗುಣಕ 50 ಎಂದಿಟ್ಟುಕೊಳ್ಳೋಣ. ಡೆಕ್ಸ್ 15 ಇದ್ದಾಗ ಫಲ ಸುಮಾರು ಶೇ. 20. ಹೆಚ್ಚುವರಿ 11 ಬರುತ್ತದೆ, ಒಟ್ಟು 126. ಈಗ ಹತ್ತು ಲೆವೆಲ್ ಖರ್ಚು ಮಾಡಿ ಡೆಕ್ಸ್ 25 ಮಾಡಿ. ಫಲ ಸುಮಾರು ಶೇ. 35ಕ್ಕೆ ಏರುತ್ತದೆ, ಹೆಚ್ಚುವರಿ 20, ಒಟ್ಟು 135. ಹತ್ತು ಲೆವೆಲ್ಲಿಗೆ ಸಿಕ್ಕಿದ್ದು ಒಂಬತ್ತು ಅಂಕ.

ಇನ್ನೊಂದು ದಾರಿ. ಡೆಕ್ಸ್ 15ರಲ್ಲೇ ಬಿಟ್ಟು, ಆಟದ ಬಾಗಿಲಲ್ಲೇ ಇರುವ ಚರ್ಚ್ ಆಫ್ ಎಲ್ಲೆಯ ಕುಲುಮೆಗೆ ಹೋಗಿ. ಅಲ್ಲಿ ಕತ್ತಿಯನ್ನು +3ರವರೆಗೆ ಹದ ಮಾಡಬಹುದು. ಮೊದಲ ದರ್ಜೆಯ ಸ್ಮಿಥಿಂಗ್ ಸ್ಟೋನ್ ಮೊದಲ ಹದಕ್ಕೆ 2, ಎರಡನೆಯದಕ್ಕೆ 4, ಮೂರನೆಯದಕ್ಕೆ 6, ಒಟ್ಟು 12 ಕಲ್ಲು ಬೇಕು. ಮೂಲ ಅಂಕ 135 ಆಗುತ್ತದೆ. ಹೆಚ್ಚುವರಿಯೂ ಅದರ ಜೊತೆ 13ಕ್ಕೆ ಏರಿ ಒಟ್ಟು 148. ಒಂದು ಲೆವೆಲ್ಲೂ ಖರ್ಚಾಗಲಿಲ್ಲ.

ನಾನು ಮಾಡಿದ್ದು ಮೊದಲನೆಯ ದಾರಿ. ರೂನ್ ಸಿಕ್ಕಿದ್ದೆಲ್ಲ ಲೆವೆಲ್ಲಿಗೆ, ಕಲ್ಲುಗಳೆಲ್ಲ ಚೀಲದಲ್ಲಿ. 'ಮುಂದೆ ಒಳ್ಳೆ ಕತ್ತಿ ಸಿಗ್ತದ, ಅವಾಗ ಹಾಕಿದ್ರಾತು' ಎಂಬ ಜಿಪುಣತನ. ಸ್ಟಾರ್ಮ್‌ವೀಲ್ ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ನನ್ನನ್ನು ಹೊಡೆದು ಹೊಡೆದು ಹಣ್ಣು ಮಾಡಿದ. ಮೊದಲ ದರ್ಜೆಯ ಕಲ್ಲು ಆಮೇಲೆ ಅಂಗಡಿಯಲ್ಲೇ ದುಡ್ಡಿಗೆ ಸಿಗುವ ವಸ್ತು, ಅದನ್ನು ಕೂಡಿಟ್ಟು ಯಾರಿಗೂ ಉಪಯೋಗವಿಲ್ಲ.

ಲೆಕ್ಕದ ಕೊನೆಯ ಭಾಗ ಇನ್ನೂ ಮುಖ್ಯ. ಇದೇ ಕತ್ತಿ +25ಕ್ಕೆ ಹೋದಾಗ ಮೂಲ ಅಂಕ 281 ಆಗುತ್ತದೆ. ಹದ ಏರಿದಂತೆ ಗುಣಕವೂ ಬೆಳೆಯುತ್ತದೆ. ನಮ್ಮ 50 ಬೆಳೆದು 75 ಆಯಿತೆನ್ನಿ. ಈಗ ಅದೇ ಡೆಕ್ಸ್ 15ರಿಂದ 25ಕ್ಕೆ ಹೋದರೆ ಸಿಗುವುದು 30ಕ್ಕಿಂತ ಹೆಚ್ಚು. ಹದವಿಲ್ಲದ ಕತ್ತಿಯಲ್ಲಿ ಒಂಬತ್ತು ಕೊಟ್ಟ ಹತ್ತು ಲೆವೆಲ್ಲು, ಹದವಾದ ಕತ್ತಿಯಲ್ಲಿ ಮೂರು ಪಟ್ಟಿಗಿಂತ ಹೆಚ್ಚು ಕೊಡುತ್ತದೆ. ಹುಡುಗರು ಬಂದು "ಲೆವೆಲ್ ಹಾಕಿದ್ರೂ ಏನೂ ಆಗವಲ್ದು" ಎಂದರೆ ನಾನು ಈಗ ಲೆವೆಲ್ ನೋಡುವುದಿಲ್ಲ, ಕತ್ತಿಯ ಹೆಸರಿನ ಮುಂದೆ ಪ್ಲಸ್ ಎಷ್ಟಿದೆ ನೋಡುತ್ತೇನೆ.

4. ಅಕ್ಷರ ಒಂದೇ ಇದ್ದರೂ ಗುಣಕ ಒಂದೇ ಅಲ್ಲ.

ಒಂದು ಕಾಲದಲ್ಲಿ S ಕಂಡರೆ ಸಾಕು, ಆ ಆಯುಧವೇ ಶ್ರೇಷ್ಠ ಎಂದು ಘೋಷಿಸಿಬಿಡುತ್ತಿದ್ದೆ. ಅಕ್ಷರ ಎನ್ನುವುದು ಒಂದು ಅಗಲವಾದ ಪಟ್ಟಿ. ಎಲ್ಡನ್ ರಿಂಗ್‌ನಲ್ಲಿ ಗುಣಕ 25ರಿಂದ 59ರವರೆಗೆ D, 60ರಿಂದ 89 C, 90ರಿಂದ 139 B, ಅಲ್ಲಿಂದ 174ರವರೆಗೆ A, ಮೇಲೆ S. B ಪಟ್ಟಿ ಎಷ್ಟು ಅಗಲ ನೋಡಿ. ಮೂಲ ಅಂಕ 281 ಇರುವ ಎರಡು ಆಯುಧಗಳು, ಎರಡಕ್ಕೂ B. ಒಂದರ ಗುಣಕ 90, ಇನ್ನೊಂದರದು 139. ಫಲ ಶೇ. 75 ಇದ್ದಾಗ ಮೊದಲನೆಯದಕ್ಕೆ ಸುಮಾರು 190 ಕೂಡುತ್ತದೆ, ಎರಡನೆಯದಕ್ಕೆ 293. ನೂರು ಅಂಕದ ಅಂತರ, ಅಕ್ಷರ ಮಾತ್ರ ಒಂದೇ.

ಉಲ್ಟಾ ಕೂಡ ಆಗುತ್ತದೆ. ಕುಲುಮೆಯಲ್ಲಿ ಒಂದು ಹದ ಏರಿಸಿದಾಗ B ಹೋಗಿ A ಆಗಿದ್ದು ಕಂಡು ಹುಡುಗರು ಕುಣಿಯುತ್ತಾರೆ. ಒಳಗೆ 139 ಇದ್ದದ್ದು 140 ಆಗಿರುತ್ತದೆ ಅಷ್ಟೇ. ಅಕ್ಷರ ನೋಡಿ ದಿಕ್ಕು ತಿಳಿಯಬಹುದು, ಈ ಕತ್ತಿ ಸ್ಟ್ರೆಂತ್ ಕೇಳುತ್ತದೋ ಡೆಕ್ಸ್ ಕೇಳುತ್ತದೋ ಎಂದು. ಎಷ್ಟು ಕೊಡುತ್ತದೆ ಎಂಬುದು ಪ್ಲಸ್ ಚಿಹ್ನೆಯ ಮುಂದಿನ ಸಂಖ್ಯೆಯಲ್ಲಿದೆ.

5. ನಿಜವಾದ ಗೋಡೆ 80ರಲ್ಲಿದೆ.

'20ಕ್ಕೆ ನಿಲ್ಲು', '40ಕ್ಕೆ ನಿಲ್ಲು', '60ಕ್ಕೆ ನಿಲ್ಲು' ಎಂಬ ಮಾತುಗಳನ್ನು ನಾನು ಎಲ್ಲಿಂದಲೋ ಕೇಳಿ ಎಲ್ಲರಿಗೂ ಹಂಚುತ್ತಿದ್ದೆ. ಇದರಲ್ಲಿ 40 ಹಳೆಯ ಡಾರ್ಕ್ ಸೋಲ್ಸ್‌ನ ಮಾತು. ಅಲ್ಲಿ 40 ದಾಟಿದರೆ ಫಲ ನಿಜಕ್ಕೂ ಕುಸಿಯುತ್ತಿತ್ತು. ಹೊಸ ಆಟಕ್ಕೆ ಹಳೆಯ ಆಟದ ಲೆಕ್ಕ ತಂದು ಹಚ್ಚಿದ್ದು ನನ್ನ ದಡ್ಡತನ.

ಎಲ್ಡನ್ ರಿಂಗ್‌ನಲ್ಲಿ, ಯಾವ ಬದಲಾವಣೆಯೂ ಮಾಡಿಸದ ಸಾದಾ ಆಯುಧಕ್ಕೆ ಫಲ ಹೀಗಿದೆ: ಅಂಕ 20 ಇದ್ದಾಗ ಸುಮಾರು ಶೇ. 28, 30ಕ್ಕೆ 42, 40ಕ್ಕೆ 54.5, 50ಕ್ಕೆ 66, 60ಕ್ಕೆ 75, 80ಕ್ಕೆ 90, 99ಕ್ಕೆ 95. ಅಂದರೆ 20ರಿಂದ 60ರವರೆಗೆ ಏರು ಮೆಲ್ಲಗೆ ಮೆಲ್ಲಗೆ ಸಣ್ಣದಾಗುತ್ತದೆ, ಎಲ್ಲೂ ಧಡಕ್ಕನೆ ನಿಲ್ಲುವುದಿಲ್ಲ. 60ರಿಂದ 80ರವರೆಗೂ ಪ್ರತಿ ಅಂಕಕ್ಕೆ ಮುಕ್ಕಾಲು ಪಾಲು ಸಿಗುತ್ತಲೇ ಇರುತ್ತದೆ. 80 ದಾಟಿದ ಮೇಲೆ ಮಾತ್ರ ಕಾಲು ಪಾಲಿಗೆ ಬೀಳುತ್ತದೆ.

ಬಬಲೇಶ್ವರದ ಒಬ್ಬ ಹುಡುಗ, ಇಂಜಿನಿಯರಿಂಗ್ ಓದುತ್ತಿದ್ದವನು, ನನ್ನ '40ಕ್ಕೆ ನಿಲ್ಲು' ಕೇಳಿ ಡೆಕ್ಸ್ 40ಕ್ಕೆ ನಿಲ್ಲಿಸಿ, ಉಳಿದ ಲೆವೆಲ್ಲನ್ನು ಅವನ ಕತ್ತಿಗೆ ಸಂಬಂಧವೇ ಇಲ್ಲದ ಕಡೆ ಹಂಚಿಬಿಟ್ಟಿದ್ದ. ಆಮೇಲೆ ಅವನೇ ವಹಿಯಲ್ಲಿ ಗೀಟು ಎಳೆದು ಮೇಲಿನ ಲೆಕ್ಕ ನನಗೆ ತೋರಿಸಿದ್ದು. "ಕಾಕಾ, ನಲವತ್ತರಿಂದ ಐವತ್ತಕ್ಕ ಹನ್ನೆರಡು ಬರ್ತದ, ಮೂವತ್ತರಿಂದ ನಲವತ್ತಕ್ಕ ಹದಿಮೂರು. ಎಲ್ಲೈತ್ರಿ ನಿಮ್ಮ ಗ್ವಾಡಿ?" ಅಂದ. ಆ ಪುಟ ಇನ್ನೂ ಕೌಂಟರ್ ಗಾಜಿನ ಕೆಳಗಿದೆ.

6. ಎರಡು ಕೈ ಹಿಡಿತ ಸ್ಟ್ರೆಂತ್‌ನವರಿಗೆ ಮಾತ್ರ ಸಿಕ್ಕ ರಿಯಾಯಿತಿ.

ಒಂದೂವರೆ ಪಟ್ಟಿನ ಲೆಕ್ಕ ಕಟ್ಟಲೆಗಷ್ಟೇ ಅಲ್ಲ, ಹೆಚ್ಚುವರಿಗೂ ಅನ್ವಯ. ಸ್ಟ್ರೆಂತ್ 40 ಇದ್ದವನು ಎರಡು ಕೈಯಲ್ಲಿ ಹಿಡಿದರೆ 60 ಇದ್ದವನ ಫಲ. ಸ್ಟ್ರೆಂತ್ 54 ಇದ್ದರೆ 81 ಆಗುತ್ತದೆ, 80ರ ಗೋಡೆ ದಾಟಿದಂತಾಯಿತು. ಒಂದೇ ಕೈಯಲ್ಲಿ ಹಿಡಿದಿದ್ದರೆ ಶೇ. 70 ಸಿಗುತ್ತಿತ್ತು, ಎರಡು ಕೈಗೆ 90 ಸಿಕ್ಕಿತು. ಅದೇ 90 ಪಡೆಯಲು ಡೆಕ್ಸ್‌ನವನು ಪೂರ್ತಿ 80ರವರೆಗೆ ಏರಬೇಕು, ಅಂದರೆ 26 ಲೆವೆಲ್ ಹೆಚ್ಚು. ಡೆಕ್ಸ್‌ಗೆ ಎರಡು ಕೈ ಹಿಡಿತದಿಂದ ಒಂದು ಅಂಕವೂ ಏರುವುದಿಲ್ಲ.

ಇದು ತಿಳಿದ ಮೇಲೆ ನಾನು ಎಲ್ಲರಿಗೂ 'ಸ್ಟ್ರೆಂತ್ ಹಾಕ್ರಲೇ' ಎಂದು ಸಾರತೊಡಗಿದೆ. ಅದೂ ಅವಸರದ ಮಾತು. ಗ್ರೇಟ್‌ಸೋರ್ಡ್ ತೂಕ 23, ಉಚಿಗಟಾನಾ 5.5. ಹೊರುವ ಮಿತಿಯ ಶೇ. 70 ಮೀರಿದರೆ ಪಾತ್ರ ಧೊಪ್ಪನೆ ಉರುಳುತ್ತದೆ, ಏಟು ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತದೆ. ದಪ್ಪ ಕವಚವೂ ಬೇಕು, ದೈತ್ಯ ಕತ್ತಿಯೂ ಬೇಕು ಎಂದರೆ ಎಂಡ್ಯೂರೆನ್ಸ್‌ಗೆ ಲೆವೆಲ್ ಸುರಿಯಬೇಕು. ಉಳಿಸಿದ 26 ಲೆವೆಲ್‌ನಲ್ಲಿ ಒಳ್ಳೆಯ ಪಾಲು ಹಾಗೇ ಹೋಗುತ್ತದೆ. ಎರಡು ಕೈ ಕತ್ತಿಗೆ ಕೊಟ್ಟವನಿಗೆ ಢಾಲು ಹಿಡಿಯಲು ಕೈ ಇರುವುದಿಲ್ಲ ಎಂಬುದು ಬೇರೆ.

ಇನ್ನೊಂದು ಬಲೆ ಇದೆ. ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದರೆ ಈ ರಿಯಾಯಿತಿ ಇಲ್ಲ. ಪಾಠ ಎರಡರ ತಿಕೋಟಾದ ಹುಡುಗ ಆಮೇಲೆ ಹೊಸ ಪಾತ್ರ ಮಾಡಿ, ಈ ಸಲ ಬುದ್ಧಿವಂತಿಕೆಯಿಂದ ಸ್ಟ್ರೆಂತ್ 21ಕ್ಕೆ ನಿಲ್ಲಿಸಿ ಗ್ರೇಟ್‌ಸೋರ್ಡ್ ಆಡುತ್ತಿದ್ದ. ಎಡಗೈಗೂ ಒಂದು ಭಾರಿ ಕತ್ತಿ ಕೊಟ್ಟ ಕ್ಷಣ ಬಲಗೈಯ ಅಂಕ ಮತ್ತೆ ಮೈನಸ್‌ಗೆ ತಿರುಗಿತು. ಕತ್ತಿಗೊಂದೊಂದು ಕೈ ಆದ ಮೇಲೆ 21 ಬರೀ 21. ಜೋಡಿಯಾಗಿಯೇ ಬರುವ ಮುಷ್ಟಿ, ಪಂಜದಂಥ ಆಯುಧಗಳಿಗೂ ಇದೇ ನಿಯಮ.

7. ಹೆವಿ, ಕೀನ್ ಮಾಡಿಸುವ ಮೊದಲು ಲೆವೆಲ್ ಯಾವ ಕಡೆ ಹೋಗುತ್ತದೆಂದು ತೀರ್ಮಾನಿಸಿ.

ಸ್ಟಾರ್ಮ್‌ವೀಲ್ ಕೋಟೆಯಲ್ಲಿ ಸಿಗುವ ಐರನ್ ವೆಟ್‌ಬ್ಲೇಡ್ ಎಂಬ ಸಾಣೆಯಿಂದ ಸಾದಾ ಕತ್ತಿಯನ್ನು ಹೆವಿ, ಕೀನ್ ಅಥವಾ ಕ್ವಾಲಿಟಿ ಮಾಡಬಹುದು. ಹೆವಿ ಮಾಡಿದರೆ ಮೂಲ ಅಂಕ ತುಸು ಇಳಿಯುತ್ತದೆ, ಸ್ಟ್ರೆಂತ್ ಗುಣಕ ಏರುತ್ತದೆ, ಡೆಕ್ಸ್ ಗುಣಕ ಪೂರ್ತಿ ಹೋಗಿ ಗೆರೆಯಾಗುತ್ತದೆ. ಕೀನ್ ಅದಕ್ಕೆ ವಿರುದ್ಧ, ಆದರೆ ಸ್ಟ್ರೆಂತ್‌ನದು ಸ್ವಲ್ಪ ಉಳಿಯುತ್ತದೆ. ಕ್ವಾಲಿಟಿ ಎರಡಕ್ಕೂ ಹಂಚುತ್ತದೆ.

ನನ್ನ ಪಾತ್ರ ಬಹಳ ದಿನ ಅರ್ಧರ್ಧವೇ ಇತ್ತು. ಕ್ಲೇಮೋರ್ ಹಿಡಿದಿದ್ದೆ, ಎರಡಕ್ಕೂ D. ಯಾವುದನ್ನೂ ಬಿಡುವ ಮನಸ್ಸಿಲ್ಲದೆ ಒಂದು ಲೆವೆಲ್ ಇದಕ್ಕೆ, ಒಂದು ಅದಕ್ಕೆ. ನಕ್ಕವರೇ ಹೆಚ್ಚು. ಲೆಕ್ಕ ಹಾಕಿ ನೋಡಿದಾಗ ನಗುವಂಥದ್ದು ಅದರಲ್ಲಿ ಇರಲಿಲ್ಲ: ಎರಡೂ 20 ಇದ್ದಾಗ ಇಪ್ಪತ್ತು ಲೆವೆಲ್ ಒಂದಕ್ಕೇ ಸುರಿದರೆ ಫಲ 28ರಿಂದ 54.5ಕ್ಕೆ, ಅಂದರೆ 26 ಚಿಲ್ಲರೆ ಏರುತ್ತದೆ. ಹತ್ತು ಹತ್ತು ಹಂಚಿದರೆ ಎರಡೂ ಕಡೆ 14ರ ಹತ್ತಿರ ಏರಿ, ಕೂಡಿದರೆ 27 ಚಿಲ್ಲರೆ. ಗುಣಕ ಸಮ ಇರುವ ಸಾದಾ ಕತ್ತಿಯಲ್ಲಿ ಎರಡೂ ಒಂದೇ.

ನಾನು ಕೆಟ್ಟದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಎಲ್ಲರೂ ಹೆವಿ ಮಾಡಿಸುತ್ತಾರೆಂದು ನಾನೂ ಮಾಡಿಸಿದೆ. ಡೆಕ್ಸ್‌ಗೆ ಹಾಕಿದ್ದ ಅಷ್ಟೂ ಲೆವೆಲ್ ಆ ಕ್ಷಣಕ್ಕೆ ಸತ್ತುಹೋಯಿತು. ಕತ್ತಿ ಹಿಡಿಯಲು ಬೇಕಾದ ಡೆಕ್ಸ್ 13ರ ಕಟ್ಟಲೆ ಮಾತ್ರ ಹಾಗೇ ಉಳಿಯಿತು. ಹೆವಿ ಆದರೂ ಕಟ್ಟಲೆ ಬದಲಾಗುವುದಿಲ್ಲ. ಒಂದೇ ದಿಕ್ಕಿಗೆ ಹೋಗುವವನಿಗೆ ಹೆವಿ ಅಥವಾ ಕೀನ್ ದೊಡ್ಡ ಲಾಭ. ನನ್ನಂತೆ ಎರಡು ದೋಣಿಯಲ್ಲಿ ಕಾಲಿಟ್ಟವನು ಸಾದಾ ಕತ್ತಿಯಲ್ಲೇ ಇರಬೇಕಿತ್ತು, ಇಲ್ಲವೇ ಕ್ವಾಲಿಟಿ ನೋಡಬೇಕಿತ್ತು.

ಇಲ್ಲೇ ಇನ್ನೊಂದು ಸಣ್ಣ ವಿಷಯ. ಫೈರ್ ಮಾಡಿಸಿದ ಆಯುಧ ಸ್ಟ್ರೆಂತ್ ಕೇಳುತ್ತದೆ, ಲೈಟ್ನಿಂಗ್ ಮಾಡಿಸಿದ್ದು ಡೆಕ್ಸ್ ಕೇಳುತ್ತದೆ. ಬೆಂಕಿ, ಮಿಂಚು ಎಂದರೆ ಮಂತ್ರದವರ ಬಾಬತ್ತು ಎಂದು ನಾನು ಬಹಳ ದಿನ ಅದರ ಹತ್ತಿರ ಹೋಗಿರಲಿಲ್ಲ.

8. ಪರದೆಯ ಅಂಕ ಪೂರ್ತಿ ಶತ್ರುವಿಗೆ ಮುಟ್ಟುವುದಿಲ್ಲ.

ಎರಡು ಕತ್ತಿಗಳಲ್ಲಿ ಒಂದೊಂದರ ಒಟ್ಟು ಅಂಕವೂ 400 ಎಂದಿಟ್ಟುಕೊಳ್ಳಿ. ಒಂದರಲ್ಲಿ ಪೂರ್ತಿ ದೈಹಿಕ ಏಟು, ಇನ್ನೊಂದರಲ್ಲಿ 200 ದೈಹಿಕ, 200 ಬೆಂಕಿ. ಶತ್ರುವಿನ ರಕ್ಷಣೆ ಪ್ರತಿ ಬಗೆಯ ಏಟಿನಿಂದಲೂ ಬೇರೆ ಬೇರೆಯಾಗಿ ಕಳೆಯುತ್ತದೆ. ಏಟು ರಕ್ಷಣೆಗಿಂತ ಎಷ್ಟು ದೊಡ್ಡದೋ ಅಷ್ಟು ಹೆಚ್ಚು ಪಾಲು ಒಳಗೆ ಹೋಗುತ್ತದೆ. ಎಷ್ಟೇ ದೊಡ್ಡದಾದರೂ ಶೇ. 90 ಮೀರದು, ಎಷ್ಟೇ ಸಣ್ಣದಾದರೂ ಶೇ. 10ಕ್ಕಿಂತ ಇಳಿಯದು. ಹಾಗಾಗಿ ಒಂದೇ 400, ಎರಡು 200ಗಳಿಗಿಂತ ಸಾಮಾನ್ಯವಾಗಿ ಹೆಚ್ಚು ನೋಯಿಸುತ್ತದೆ. ಶತ್ರು ಬೆಂಕಿಗೆ ಹೆದರುವವನಾದರೆ ಮಾತು ಬೇರೆ.

ಇದರ ಮೇಲೆ, ಪ್ರತಿ ಬೀಸಿಗೂ ತನ್ನದೇ ಒಂದು ಪ್ರಮಾಣ ಇದೆ. ಹಗುರ ಬೀಸು, ಭಾರಿ ಬೀಸು, ಓಡುತ್ತಾ ಹೊಡೆದದ್ದು, ಹಾರಿ ಹೊಡೆದದ್ದು, ಒಂದೊಂದೂ ಪರದೆಯ ಅಂಕವನ್ನು ಬೇರೆ ಪ್ರಮಾಣದಿಂದ ಗುಣಿಸುತ್ತದೆ. ದೈತ್ಯ ಕತ್ತಿ ಒಮ್ಮೆ ಬೀಸುವಷ್ಟರಲ್ಲಿ ಉಚಿಗಟಾನಾ ಹಲವು ಸಲ ಬೀಸಿ ರಕ್ತ ಹರಿಸಿ ಮುಗಿಸಿರಬಹುದು. ಹಾಗೆಯೇ ದೈತ್ಯ ಕತ್ತಿಯ ಒಂದು ಏಟು ಶತ್ರುವನ್ನು ಮಂಡಿಯೂರಿಸುವಷ್ಟು ತೂಗಬಹುದು. ಒಟ್ಟು ಅಂಕ ಹೆಚ್ಚಿರುವ ಆಯುಧವೇ ಗೆಲ್ಲುತ್ತದೆ ಎಂದು ನಾನು ಕಟ್ಟಿದ ಪಂಥದ ಚಹಾ ಬಿಲ್ಲು ಪ್ರತಿ ಸಲ ನಾನೇ ಕೊಟ್ಟಿದ್ದೇನೆ.

9. ಒಪ್ಪುವ ಮೊದಲು ಪರದೆಯ ಬಲಗಡೆ ನೋಡಿ.

ಇಷ್ಟೆಲ್ಲ ಲೆಕ್ಕ ಬೇಡ ಅನ್ನುವವರಿಗೆ ಆಟವೇ ಒಂದು ದಾರಿ ಕೊಟ್ಟಿದೆ, ನಾನು ಅದನ್ನು ಕಂಡದ್ದು ಎಲ್ಲಕ್ಕಿಂತ ಕೊನೆಗೆ. ಲೆವೆಲ್ ಏರಿಸುವ ಪರದೆಯಲ್ಲಿ ಸ್ಟ್ರೆಂತ್ ಅಥವಾ ಡೆಕ್ಸ್ ಒಂದು ಹೆಚ್ಚಿಸಿದ ಕೂಡಲೇ, ಇನ್ನೂ ಒಪ್ಪಿಗೆ ಒತ್ತುವ ಮೊದಲೇ, ಕೈಯಲ್ಲಿರುವ ಆಯುಧದ ಏಟಿನ ಅಂಕ ಎಷ್ಟಾಗುತ್ತದೆ ಎಂದು ಬದಿಯಲ್ಲಿ ತೋರಿಸುತ್ತದೆ. ಒಂದು ಸಲ ಸ್ಟ್ರೆಂತ್ ಏರಿಸಿ ನೋಡಿ, ಇಳಿಸಿ, ಡೆಕ್ಸ್ ಏರಿಸಿ ನೋಡಿ. ಯಾವುದಕ್ಕೆ ಹೆಚ್ಚು ಏರಿತೋ ಅದು. ಎರಡಕ್ಕೂ ಒಂದೋ ಎರಡೋ ಮಾತ್ರ ಏರುತ್ತಿದ್ದರೆ ರದ್ದು ಮಾಡಿ ಎದ್ದು ಕುಲುಮೆಗೆ ಹೋಗಿ, ಇಲ್ಲವೇ ಆ ಲೆವೆಲ್ಲನ್ನು ಜೀವ ಹೆಚ್ಚಿಸುವ ವಿಗರ್‌ಗೆ ಹಾಕಿ.

ಈಗಾಗಲೇ ತಪ್ಪು ಕಡೆ ಹಾಕಿ ಕೂತಿದ್ದರೆ, ರಾಯಾ ಲುಕಾರಿಯಾ ವಿದ್ಯಾಲಯದ ರೆನ್ನಾಲಾಳನ್ನು ಸೋಲಿಸಿದ ಮೇಲೆ ಅವಳ ಹತ್ತಿರವೇ ಎಲ್ಲ ಲೆವೆಲ್ಲನ್ನೂ ಹೊಸದಾಗಿ ಹಂಚಿಸಿಕೊಳ್ಳಬಹುದು. ಪ್ರತಿ ಸಲ ಒಂದು 'ಲಾರ್ವಲ್ ಟಿಯರ್' ಕೊಡಬೇಕು, ಒಂದು ಆಟದಲ್ಲಿ ಅವು ಸಿಗುವುದು ಇಂತಿಷ್ಟೇ. ಹೋಗುವ ಮೊದಲು ಕತ್ತಿಯನ್ನು ಪೂರ್ತಿ ಹದ ಮಾಡಿಸಿ, ಅದರ ಕಟ್ಟಲೆಯ ಎರಡೂ ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವಳ ಮುಂದೆ ಕೂತಾಗ ಕಟ್ಟಲೆಗೆ ಒಂದು ಅಂಕ ಕಡಿಮೆ ಹಂಚಿ ಒಪ್ಪಿಗೆ ಒತ್ತಿದರೆ, ಹೊರಗೆ ಬಂದು ಒಂದು ಲೆವೆಲ್ ಗಳಿಸುವವರೆಗೆ ಮೈನಸ್ ಹೊತ್ತ ಕತ್ತಿಯಲ್ಲೇ ಹೊಡೆಯಬೇಕು.